ಲೋವರ್ ಸರ್ಕ್ಯೂಟ್ ಬಿದ್ದಾಗ ಸ್ಟಾಪ್ ಲಾಸ್ ಯಾಕೆ ಕೈಕೊಡುತ್ತದೆ? ಸಣ್ಣ ಶೇರಿಗೆ ಎಷ್ಟು ದುಡ್ಡು ಹಾಕಬೇಕು?

ಸಣ್ಣ ಕಂಪನಿಯ ಶೇರು ಕೊಂಡು, ಬೆಲೆ ಇಷ್ಟಕ್ಕಿಳಿದರೆ ಮಾರಿಬಿಡು ಎನ್ನುವ ಸ್ಟಾಪ್ ಲಾಸ್ ಆರ್ಡರ್ ಹಾಕಿ, ಇನ್ನು ನಷ್ಟ ಇಷ್ಟೇ ಎಂದು ನಿರಾಳವಾಗಿ ಕೂರುವವರು ಜಾಸ್ತಿ. ದೊಡ್ಡ ಶೇರುಗಳಲ್ಲಿ ಅದು ಹೆಚ್ಚುಕಮ್ಮಿ ನಡೆಯುತ್ತದೆ. ಸಣ್ಣವುಗಳಲ್ಲಿ ದಿನದ ಬೆಲೆಮಿತಿ ಅಡ್ಡ ಬರುತ್ತದೆ. ಹಾಗಾಗಿ ಅಲ್ಲಿ ಎಷ್ಟು ಶೇರು ಕೊಳ್ಳಬೇಕು ಎಂಬ ಲೆಕ್ಕವನ್ನೇ ಬೇರೆ ರೀತಿ ಮಾಡಬೇಕು.

ಹಂತ 1: ಶೇರಿನ ಮಿತಿ ಎಷ್ಟು ಎಂದು ನೋಡಿ

ಎನ್‌ಎಸ್‌ಇ, ಬಿಎಸ್‌ಇಗಳಲ್ಲಿ ಹೆಚ್ಚಿನ ಸಣ್ಣ ಶೇರುಗಳಿಗೆ ಶೇ 2, 5, 10 ಅಥವಾ 20ರ ಮಿತಿ ಇರುತ್ತದೆ. ಹಿಂದಿನ ದಿನದ ಮುಕ್ತಾಯದ ಬೆಲೆಯಿಂದ ಅಷ್ಟು ಮೇಲೆ ಅಥವಾ ಕೆಳಗೆ ಮಾತ್ರ ಆ ದಿನ ವ್ಯವಹಾರ. ಮೇಲಿನ ಗೆರೆ ಅಪ್ಪರ್ ಸರ್ಕ್ಯೂಟ್, ಕೆಳಗಿನದು ಲೋವರ್ ಸರ್ಕ್ಯೂಟ್. ಬ್ರೋಕರ್ ಆ್ಯಪ್‌ನಲ್ಲಿ ಮಾರ್ಕೆಟ್ ಡೆಪ್ತ್ ತೆರೆದರೆ ಸಾಮಾನ್ಯವಾಗಿ ಎರಡೂ ಬೆಲೆ ಕಾಣುತ್ತವೆ. ಎನ್‌ಎಸ್‌ಇಯಲ್ಲಿ ಶೇರಿನ ಸರಣಿ `BE` ಎಂದಿದ್ದರೆ ಅದು ಟ್ರೇಡ್-ಟು-ಟ್ರೇಡ್. ಅಂದರೆ ಕೊಂಡದ್ದನ್ನು ಡೆಲಿವರಿ ತಗೊಳ್ಳಲೇಬೇಕು, ಅದೇ ದಿನ ಮಾರಿ ಹೊರಬರುವ ದಾರಿಯೂ ಇಲ್ಲ.

ಮಿತಿ ಸಣ್ಣದಿದ್ದಷ್ಟೂ ಶೇರು ಸುರಕ್ಷಿತ ಎಂದು ಅನ್ನಿಸಬಹುದು. ಉಲ್ಟಾ. ಬೆಲೆ ಇಳಿಯಬೇಕಾದಷ್ಟು ಇಳಿಯುತ್ತದೆ, ದಿನಕ್ಕಿಷ್ಟು ಅಂತ ಕಂತಿನಲ್ಲಿ. ಶೇ 20ರ ಮಿತಿಯಲ್ಲಿ ಎರಡು ದಿನಕ್ಕೆ ಮುಗಿಯುವ ಕುಸಿತ ಶೇ 5ರ ಮಿತಿಯಲ್ಲಿ ಎಂಟೊಂಬತ್ತು ದಿನ ಎಳೆಯುತ್ತದೆ. ಅಷ್ಟೂ ದಿನ ನೀವು ಒಳಗೇ. ಇನ್ನೊಂದು ವಿಷಯ: ಮಿತಿ ಶಾಶ್ವತವಲ್ಲ. ಶೇರಿನ ಮೇಲೆ ನಿಗಾ ಇಟ್ಟ ಎಕ್ಸ್‌ಚೇಂಜ್ ಶೇ 20 ಇದ್ದದ್ದನ್ನು 5ಕ್ಕೆ ಇಳಿಸಬಹುದು. ಆದ್ದರಿಂದ ವಾರಕ್ಕೊಮ್ಮೆಯಾದರೂ ನೋಡುತ್ತಿರಿ.

ಹಂತ 2: ಸ್ಟಾಪ್ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ತಿಳಿಯಿರಿ

ಒಂದು ಉದಾಹರಣೆ ಮಾಡೋಣ. ನಿಮ್ಮ ಬಂಡವಾಳ 5 ಲಕ್ಷ ರೂಪಾಯಿ. ಒಂದು ಶೇರಿನಲ್ಲಿ ಶೇ 1, ಅಂದರೆ 5,000 ರೂಪಾಯಿ ಹೋದರೆ ಪರವಾಗಿಲ್ಲ ಅಂದುಕೊಂಡಿದ್ದೀರಿ. ಶೇ 5ರ ಮಿತಿಯ ಶೇರನ್ನು 120ಕ್ಕೆ ಕೊಂಡಿರಿ. ಆ ದಿನ ಮುಕ್ತಾಯವೂ 120. ಮಾರನೇ ದಿನದ ಲೋವರ್ ಸರ್ಕ್ಯೂಟ್ 114. ಸ್ಟಾಪ್ 115ಕ್ಕೆ. ಶೇರಿಗೆ 5 ರೂಪಾಯಿ ಅಪಾಯ, ಆದ್ದರಿಂದ 1,000 ಶೇರು. ಪುಸ್ತಕದ ಲೆಕ್ಕ ಇದೇ.

ರಾತ್ರಿ ಆಡಿಟರ್ ರಾಜೀನಾಮೆಯ ಸುದ್ದಿ ಬಂತು ಅನ್ನಿ. ಬೆಳಿಗ್ಗೆ ಶೇರು ನೇರ 114ಕ್ಕೆ ತೆರೆದುಕೊಳ್ಳುತ್ತದೆ. 115 ಎಂಬ ಬೆಲೆ ಅಂದು ಬರಲೇ ಇಲ್ಲ. 114ರಲ್ಲಿ ಒಂದು ವ್ಯವಹಾರ ಆದ ಕೂಡಲೇ ನಿಮ್ಮ ಸ್ಟಾಪ್ ಎಚ್ಚೆತ್ತುಕೊಳ್ಳುತ್ತದೆ ನಿಜ. ಆದರೆ ಎಚ್ಚೆತ್ತ ಸ್ಟಾಪ್ ಅಂದರೆ ಬರೀ ಒಂದು ಮಾರಾಟದ ಆರ್ಡರ್. ಕೊಳ್ಳುವವರ ಕಡೆ ಸೊನ್ನೆ, ಮಾರುವವರ ಕಡೆ ಲಕ್ಷಗಟ್ಟಲೆ ಶೇರು. ಎಲ್ಲರೂ 114ಕ್ಕೇ ಮಾರಲು ನಿಂತಿದ್ದಾರೆ. ಅದಕ್ಕಿಂತ ಕಡಿಮೆಗೆ ಕೊಡುತ್ತೇನೆ ಎನ್ನಲು ನಿಯಮ ಬಿಡುವುದಿಲ್ಲ. ಬೆಲೆ ಒಂದೇ ಆದಾಗ ಮೊದಲು ಬಂದವರಿಗೆ ಮೊದಲ ಸರದಿ. ಸುಮ್ಮನೆ ಮಲಗಿದ್ದು ಆಮೇಲೆ ಎದ್ದ ನಿಮ್ಮ ಸ್ಟಾಪ್ ಸಾಲಿನ ಬಾಲದಲ್ಲಿ ಇರುತ್ತದೆ. ಒಂದೂ ವ್ಯವಹಾರ ಆಗದಿದ್ದರಂತೂ ಅದು ಏಳುವುದೂ ಇಲ್ಲ.

ಸಂಜೆ ಮಾರಾಟವಾಗದ ಆರ್ಡರ್ ರದ್ದಾಗುತ್ತದೆ. ಮರುದಿನ ಹೊಸ ಸಾಲು, ಹೊಸ ಬೆಲೆ 108 ರೂಪಾಯಿ ಚಿಲ್ಲರೆ. ಆಮೇಲೆ ಸುಮಾರು 103, 98, 93, 88. ಆರನೇ ದಿನ ಕೊಳ್ಳುವವರು ಬಂದು 88ರ ಆಸುಪಾಸಿನಲ್ಲಿ ಮಾರಿದಿರಿ ಎಂದುಕೊಂಡರೆ ಶೇರಿಗೆ 32 ರೂಪಾಯಿ, ಒಟ್ಟು 32,000 ರೂಪಾಯಿ ನಷ್ಟ. ಅಂದುಕೊಂಡದ್ದು 5,000, ಅಲ್ವಾ?

ಸ್ಟಾಪನ್ನು ಇನ್ನೂ ಕೆಳಗೆ, 110ಕ್ಕೆ ಇಡುತ್ತೇನೆ ಎಂದರೂ ಆಗದು. ದಿನದ ಮಿತಿಯ ಹೊರಗಿನ ಬೆಲೆಯ ಆರ್ಡರನ್ನು ಎಕ್ಸ್‌ಚೇಂಜ್ ತಿರಸ್ಕರಿಸುತ್ತದೆ. ಬ್ರೋಕರ್ ಬಳಿ ಕಾದು ಕೂರುವ ಜಿಟಿಟಿ ಆರ್ಡರ್ ಕೂಡ ಬೆಲೆ ತಲುಪಿದ ಮೇಲೆ ಇದೇ ಸಾಲಿಗೆ ಬರಬೇಕು.

ಹಂತ 3: ಸ್ಟಾಪ್ ಬಿಟ್ಟು, ಬೀಗ ಬಿದ್ದ ದಿನಗಳಿಂದ ಲೆಕ್ಕ ಹಾಕಿ

ಮೊದಲು ಶೇರಿನ ದಿನದ ಚಾರ್ಟ್ ತೆರೆಯಿರಿ. ಇಡೀ ದಿನ ಸರ್ಕ್ಯೂಟ್‌ನಲ್ಲೇ ನಿಂತಿದ್ದರೆ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ನಾಲ್ಕೂ ಒಂದೇ. ಕ್ಯಾಂಡಲ್ ಬದಲು ಅಡ್ಡ ಗೀಟು ಕಾಣುತ್ತದೆ. ಕೆಳಮುಖವಾಗಿ ಸತತ ಎಷ್ಟು ಗೀಟು ಬಿದ್ದಿವೆ ಎಂದು ಎಣಿಸಿ. ಅತಿ ಉದ್ದದ ಸರಣಿಗೆ ಒಂದೆರಡು ದಿನ ಸೇರಿಸಿ. ಇತಿಹಾಸ ಚಿಕ್ಕದಿದ್ದರೆ ನನ್ನ ಲೆಕ್ಕದಲ್ಲಿ ಶೇ 5ರ ಮಿತಿಗೆ ಕನಿಷ್ಠ 6 ದಿನ, ಶೇ 20ಕ್ಕೆ 2 ದಿನ. ಇದು ನಿಯಮವಲ್ಲ, ಅಂದಾಜು.

ಸೂತ್ರ ಇಷ್ಟೇ:

```
ನಷ್ಟದ ಪಾಲು = 1 - (1 - ಮಿತಿ)^ದಿನ
ಹಾಕುವ ಹಣ  = ತಡೆಯಬಲ್ಲ ನಷ್ಟ / ನಷ್ಟದ ಪಾಲು
```

ಶೇ 5 ಅಂದರೆ 0.05, ಆರು ದಿನ ಎಂದರೆ ನಷ್ಟದ ಪಾಲು ಸುಮಾರು 0.265. 5,000ವನ್ನು ಇದರಿಂದ ಭಾಗಿಸಿದರೆ ಸುಮಾರು 18,900 ರೂಪಾಯಿ. 120ರ ಬೆಲೆಗೆ 157 ಶೇರು. ಸಾವಿರ ಎಲ್ಲಿ, 157 ಎಲ್ಲಿ! ಇಷ್ಟು ಕಡಿಮೆ ಕೊಂಡು ಏನು ಪ್ರಯೋಜನ ಅನ್ನಿಸಿದರೆ, ಆ ಶೇರು ನಿಮ್ಮ ಬಂಡವಾಳಕ್ಕೆ ಹೊಂದುವುದಿಲ್ಲ ಅಂತಲೇ ಅರ್ಥ. ಹಾಗೆಂದು ಸ್ಟಾಪ್ ಬಿಡಬೇಕಿಲ್ಲ. ನಿಧಾನವಾಗಿ ಇಳಿಯುವ ದಿನ ಅದು ಕೆಲಸಕ್ಕೆ ಬರುತ್ತದೆ. ಎಷ್ಟು ಕೊಳ್ಳಬೇಕು ಎಂಬುದನ್ನು ಅದರಿಂದ ತೀರ್ಮಾನಿಸಬೇಡಿ, ಅಷ್ಟೇ.

ಹಂತ 4: ಕೆಟ್ಟ ದಿನದ ವಹಿವಾಟು ನೋಡಿ

ಸರಾಸರಿ ವಾಲ್ಯೂಮ್ ಮೋಸ ಮಾಡುತ್ತದೆ. ದಿನಕ್ಕೆ 50,000 ಶೇರು ಕೈ ಬದಲಾಗುವ ಕಡೆ ಗೀಟು ಬಿದ್ದ ದಿನ 3,000 ಮಾತ್ರ ಆಗಿರಬಹುದು. ನೀವು ನೋಡಬೇಕಾದದ್ದು ಆ 3,000. ನಿಮ್ಮ ಹತ್ತಿರ 1,000 ಇದ್ದರೆ ಅಂಥ ದಿನ ಮಾರಾಟವಾದ ಒಟ್ಟಿನಲ್ಲಿ ಮೂರನೇ ಒಂದು ಭಾಗ ನಿಮ್ಮದೇ ಆಗಬೇಕು. 157 ಇದ್ದರೆ ಇಪ್ಪತ್ತರಲ್ಲಿ ಒಂದು ಪಾಲು, ಸರದಿ ಬರುವ ಸಾಧ್ಯತೆ ಇದೆ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ

ಬೆಳಿಗ್ಗೆ 9ಕ್ಕೆ ಪ್ರೀ-ಓಪನ್ ಶುರುವಾಗುತ್ತದೆ. ಆ ದಿನದ ಲೋವರ್ ಸರ್ಕ್ಯೂಟ್ ಬೆಲೆಗೇ ಲಿಮಿಟ್ ಮಾರಾಟದ ಆರ್ಡರನ್ನು ಆದಷ್ಟು ಬೇಗ ಕಳಿಸಿ. ಒಂದೆರಡು ರೂಪಾಯಿ ಜಾಸ್ತಿಗೆ ಹಾಕಿ ಕಾಯಬೇಡಿ. ಆರ್ಡರ್ ತಿದ್ದಿದರೆ ಸರದಿ ತಪ್ಪಬಹುದು, ಆದ್ದರಿಂದ ಕೈ ಹಾಕದಿರಿ. ಶೇರು ಎರಡೂ ಎಕ್ಸ್‌ಚೇಂಜ್‌ಗಳಲ್ಲಿದ್ದರೆ ಎರಡೂ ಕಡೆಯ ಸಾಲು ನೋಡಿ. ಒಂದು ಕಡೆ ಚಿಕ್ಕದಿರುವುದುಂಟು.

ಅಪ್ಪರ್ ಸರ್ಕ್ಯೂಟ್‌ನ ಬಲೆ ಬೇರೆ ಬಗೆಯದು. ಅಲ್ಲಿ ಕೊಳ್ಳಲು ಉದ್ದ ಸಾಲು. ಶೇರು ನಿಜಕ್ಕೂ ಬಲವಾಗಿದ್ದ ದಿನ ನಿಮಗೆ ಸಿಗುವುದಿಲ್ಲ. ಸಾಲಿನ ಕೊನೆಯಲ್ಲಿದ್ದ ನಿಮಗೂ ಸಿಕ್ಕಿತು ಎಂದರೆ ಯಾರೋ ದೊಡ್ಡ ಪ್ರಮಾಣದಲ್ಲಿ ಮಾರಿ ಹೊರಟಿದ್ದಾರೆ ಎಂದು ಅನುಮಾನಿಸಿ. ಇಂಟ್ರಾಡೇಯಲ್ಲಿ ಶಾರ್ಟ್ ಮಾಡಿದವರು, ಅಂದರೆ ಕೈಯಲ್ಲಿಲ್ಲದ ಶೇರನ್ನು ಮೊದಲೇ ಮಾರಿದವರು, ಅಪ್ಪರ್ ಸರ್ಕ್ಯೂಟ್‌ನಲ್ಲಿ ವಾಪಸ್ ಕೊಳ್ಳಲಾಗದೆ, ಎಕ್ಸ್‌ಚೇಂಜ್ ಅವರ ಪರವಾಗಿ ಶೇರು ಕೊಳ್ಳುವ ಹರಾಜಿಗೆ ಬೀಳುತ್ತಾರೆ. ಅಲ್ಲಿಯ ಬೆಲೆ ನಿಮ್ಮ ಕೈಯಲ್ಲಿಲ್ಲ. ಮಿತಿ ಇರುವ ಸಣ್ಣ ಶೇರಿನಲ್ಲಿ ಶಾರ್ಟ್ ಬೇಡವೇ ಬೇಡ.

ಕೊನೆಯ ಲೆಕ್ಕ ಒಟ್ಟು ಮೊತ್ತದ್ದು. ಮಾರುಕಟ್ಟೆ ಕುಸಿದ ದಿನ ಸಣ್ಣ ಶೇರುಗಳು ಒಟ್ಟೊಟ್ಟಿಗೆ ಬೀಗ ಹಾಕಿಕೊಳ್ಳುತ್ತವೆ. 2020ರ ಮಾರ್ಚ್ 23ರಂದು ಸೂಚ್ಯಂಕ ಶೇ 10 ಇಳಿದು ಇಡೀ ಮಾರುಕಟ್ಟೆ 45 ನಿಮಿಷ ನಿಂತಿತ್ತು. ಆಮೇಲೆ ಮಾರುಕಟ್ಟೆ ಮತ್ತೆ ತೆರೆಯಿತು. ಒಂದೊಂದು ಶೇರಿನ ಮಿತಿಗೆ ಅಂಥ ಗಡಿಯಾರವಿಲ್ಲ, ಕೊಳ್ಳುವವರು ಬರುವವರೆಗೂ ಬೀಗ. ಆದ್ದರಿಂದ ಇಂಥ ನಾಲ್ಕು ಶೇರು ಇಟ್ಟುಕೊಂಡರೆ ನಾಲ್ಕರ ನಷ್ಟವೂ ಒಂದೇ ವಾರದಲ್ಲಿ ಬರುತ್ತದೆ ಎಂದುಕೊಂಡೇ ಕೂಡಿಸಿ. 5,000ದಂತೆ ನಾಲ್ಕು ಸೇರಿ 20,000. ಅದು ಜಾಸ್ತಿ ಅನ್ನಿಸಿದರೆ ಪ್ರತಿ ಶೇರಿನ 5,000ವನ್ನು 2,500ಕ್ಕೆ ಇಳಿಸಿ, ಹಂತ 3ರಿಂದ ಮತ್ತೆ ಲೆಕ್ಕ ಹಾಕಿ.