ಬೆಂಚಿನ ನಿಮಿಷಗಳ ಲೆಕ್ಕ: ಐದು ಬದಲಿಗಳ ಕಾಲದಲ್ಲಿ ತಂಡ ಕಟ್ಟಿದ ನನ್ನ ಅನುಭವ

ಫುಟ್‌ಬಾಲ್‌ನಲ್ಲಿ ಪಂದ್ಯಕ್ಕೆ ಐದು ಬದಲಿ ಆಟಗಾರರನ್ನು ಇಳಿಸಬಹುದು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಇನ್ನೂ ನಾಲ್ಕೈದು ಜನರನ್ನು ತನ್ನಿ. ನಾನು ಹಾಗೆ ಮಾಡಲಿಲ್ಲ. ತಂಡದ ಸಂಖ್ಯೆಯನ್ನು ಇಪ್ಪತ್ತೆರಡು, ಇಪ್ಪತ್ಮೂರರಲ್ಲೇ ನಿಲ್ಲಿಸಿ, ಹನ್ನೆರಡರಿಂದ ಹದಿನಾರನೇ ಸ್ಥಾನದಲ್ಲಿರುವವರಿಗೆ ಸಂಬಳ ಏರಿಸಿದೆ. ಹದಿನೇಳರ ನಂತರದ ಜಾಗಗಳಿಗೆ ಯುವ ತಂಡದ ಹುಡುಗರನ್ನು ಹಾಕಿದೆ. ಬೆಂಚ್ ಮೇಲೆ ಕೂರುವವರಿಗೆ ಇಷ್ಟೊಂದು ದುಡ್ಡು ಯಾಕೆ ಎಂದು ಆಡಳಿತ ಮಂಡಳಿಯಲ್ಲಿ ಕೇಳಿದವರು ಸೀಸನ್ ಮುಗಿಯುವ ಹೊತ್ತಿಗೆ ಸುಮ್ಮನಾಗಿದ್ದರು.

ಹೀಗೆ ಮಾಡಲು ಧೈರ್ಯ ಬಂದದ್ದು ಹಳೆಯ ನಿಯಮಗಳನ್ನು ನೋಡಿ. ಇಂಗ್ಲಿಷ್ ಲೀಗ್‌ನಲ್ಲಿ 1965ರವರೆಗೆ ಬದಲಿ ಎಂಬುದೇ ಇರಲಿಲ್ಲ. ಪೆಟ್ಟು ಬಿದ್ದವನು ಕುಂಟುತ್ತಲೇ ಆಡಬೇಕು, ಇಲ್ಲವೇ ತಂಡ ಹತ್ತು ಜನರಲ್ಲಿ ಮುಗಿಸಬೇಕು. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಗೋಲ್‌ಕೀಪರ್ ಬರ್ಟ್ ಟ್ರಾಟ್ಮನ್ ಕುತ್ತಿಗೆಯ ಮೂಳೆ ಮುರಿದುಕೊಂಡೇ ಪಂದ್ಯ ಮುಗಿಸಿದ್ದು ಇದೇ ಕಾರಣಕ್ಕೆ. 1965ರ ಆಗಸ್ಟ್‌ನಲ್ಲಿ ಒಂದು ಬದಲಿಗೆ ಅವಕಾಶ ಬಂತು, ಅದೂ ಗಾಯವಾದರೆ ಮಾತ್ರ. ಮೊದಲು ಇಳಿದವನು ಚಾರ್ಲ್ಟನ್‌ನ ಕೀತ್ ಪೀಕಾಕ್. ಆ ಬದಲಾವಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಾಯಗೊಂಡಿದ್ದು ಗೋಲ್‌ಕೀಪರ್ ಮೈಕ್ ರೋಸ್. ಆದರೆ ಬೆಂಚಿನಲ್ಲಿದ್ದವನು ಮೈದಾನದ ಆಟಗಾರ. ಹಾಗಾಗಿ ಜಾನ್ ಹ್ಯೂಯಿ ಗೋಲಿಗೆ ನಿಂತ, ಪೀಕಾಕ್ ಮೈದಾನಕ್ಕೆ ಬಂದ. ಒಂದೇ ಬದಲಿ ಇರುವಾಗ ಆ 12ನೇ ನಂಬರಿನ ಅಂಗಿಯವನು ನಾಲ್ಕೈದು ಜಾಗ ತಕ್ಕಮಟ್ಟಿಗೆ ನಿಭಾಯಿಸಬಲ್ಲವನಾಗಿದ್ದರೆ ಸಾಕಿತ್ತು, ಯಾವ ಜಾಗದಲ್ಲೂ ಅತ್ಯುತ್ತಮನಾಗಿರಬೇಕಿರಲಿಲ್ಲ. ತಂಡದ ಆಳ ಅಂದರೆ ಅವನೊಬ್ಬನೇ. ಅದೇ 1965-66ರಲ್ಲಿ ಲಿವರ್‌ಪೂಲ್ ಇಡೀ ಲೀಗನ್ನು 14 ಆಟಗಾರರಲ್ಲಿ ಗೆದ್ದಿತು. 1980-81ರಲ್ಲಿ ಆಸ್ಟನ್ ವಿಲ್ಲಾ ಕೂಡ 14 ಜನರಲ್ಲೇ ಗೆದ್ದಿತು.

ವಿಶ್ವಕಪ್‌ಗೆ ಎರಡು ಬದಲಿ ಬಂದಿದ್ದು 1970ರಲ್ಲಿ. ಎರಡೂ ಮುಗಿದಿದ್ದರಿಂದ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಬೆಕೆನ್‌ಬವರ್ ಭುಜ ಕಳಚಿ, ತೋಳನ್ನು ಎದೆಗೆ ಕಟ್ಟಿಕೊಂಡು ಆಡಿದರು. 1995ರ ಹೊತ್ತಿಗೆ ಮೂರಾಯಿತು. 2020ರ ಮೇ ತಿಂಗಳಲ್ಲಿ ತಾತ್ಕಾಲಿಕವಾಗಿ ಬಂದ ಐದು, 2022ರಲ್ಲಿ ಕಾಯಂ ಆಯಿತು. ಮೂರು ಇರುವಷ್ಟು ದಿನ ಕೋಚ್‌ಗಳು ಒಂದನ್ನು ಗಾಯಕ್ಕೆಂದು ಎತ್ತಿಡುತ್ತಿದ್ದರು. ಆಟ ಬದಲಿಸಲು ಸಿಗುತ್ತಿದ್ದುದು ಎರಡೇ. ಈಗ ಒಂದನ್ನು ಎತ್ತಿಟ್ಟರೂ ನಾಲ್ಕು ಉಳಿಯುತ್ತವೆ. ಅಂದರೆ ಕೈಗೆ ಸಿಕ್ಕ ಅಸ್ತ್ರ ನೇರ ದುಪ್ಪಟ್ಟು.

ಇನ್ನು ನಿಮಿಷಕ್ಕೆ ಬರೋಣ. ಒಂದು ಪಂದ್ಯಕ್ಕೆ ಹನ್ನೊಂದು ಜನ, ತೊಂಬತ್ತು ನಿಮಿಷ: 990. ಮೂರು ಬದಲಿಗಳು ಸರಾಸರಿ 72ನೇ ನಿಮಿಷಕ್ಕೆ ಇಳಿದರೆ ಬೆಂಚಿನ ಪಾಲು 54 ನಿಮಿಷ. ಐದರಲ್ಲಿ ಒಬ್ಬ ವಿರಾಮದಲ್ಲಿ, ಇಬ್ಬರು 60ಕ್ಕೆ, ಉಳಿದಿಬ್ಬರು 72 ಮತ್ತು 80ರ ಸುಮಾರಿಗೆ ಇಳಿದರೆ ಆ ಪಾಲು 130 ದಾಟುತ್ತದೆ. ಮೂವತ್ತು ಪಂದ್ಯಗಳ ಲೀಗ್‌ಗೆ ಹೆಚ್ಚುಕಡಿಮೆ 4,000 ನಿಮಿಷ. ಎಲ್ಲ ಪಂದ್ಯಗಳನ್ನೂ ಪೂರ್ತಿ ಆಡುವವನ ಒಟ್ಟು 2,700. ಹಾಗಾದರೆ ಬೆಂಚ್ ಮಾಡುವುದು ಒಂದೂವರೆ ಕಾಯಂ ಆಟಗಾರನ ಕೆಲಸ, ಅದೂ ಪಂದ್ಯ ತೀರ್ಮಾನವಾಗುವ ಹೊತ್ತಿನಲ್ಲಿ. ಬಜೆಟ್ ಸಭೆಗೆ ನಾನು ಒಯ್ದದ್ದು ಈ ಒಂದು ಹಾಳೆ ಮಾತ್ರ.

ಆ ಐವರು ಯಾರಾಗಿರಬೇಕು? ಬದಲಾಗುವ ಜಾಗಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಇಬ್ಬರು ವಿಂಗರ್, ಒಬ್ಬ ಸ್ಟ್ರೈಕರ್, ಓಡಾಟದ ಮಿಡ್‌ಫೀಲ್ಡರ್, ಒಬ್ಬ ಫುಲ್‌ಬ್ಯಾಕ್. ಸೆಂಟರ್‌ಬ್ಯಾಕ್ ಗಾಯವಿಲ್ಲದೆ ಹೊರಬರುವುದು ಅಪರೂಪ. ಆದ್ದರಿಂದ ದುಡ್ಡು ಹಾಕಬೇಕಾದದ್ದು ಓಡುವ ಜಾಗಗಳ ಜೋಡಿಗೆ. ಹಿಂದಿನ ಸರ್ವಜಾಗದ ಆಟಗಾರ ಇಲ್ಲಿ ನಷ್ಟದ ಬಾಬತ್ತು. ದಣಿದ ಫುಲ್‌ಬ್ಯಾಕ್ ಎದುರು 60ನೇ ನಿಮಿಷಕ್ಕೆ ಇಳಿಯುವವನಿಗೆ ವೇಗ ಬೇಕು, ನಾಲ್ಕು ಜಾಗದ ಜ್ಞಾನ ಬೇಡ. ವೇಗದ ವಿಂಗರನ್ನೇ ಬೆಂಚಿನಲ್ಲಿಟ್ಟು ನಿಧಾನದವನನ್ನು ಆರಂಭಕ್ಕೆ ಆಡಿಸುವ ಪ್ರಯೋಗವೂ ನಡೆಯಿತು. ಎದುರಾಳಿ ಮೊದಲೇ ಹಿಂದೆ ಸರಿದು ಕೂತರೆ ವೇಗದವನಿಗೆ ಓಡಲು ಜಾಗವೇ ಇರುವುದಿಲ್ಲ, ಹಾಗಾಗಿ ಗೆಲ್ಲುತ್ತಿರುವ ಪಂದ್ಯಗಳಲ್ಲಿ ಮಾತ್ರ ಫಲ ಕೊಟ್ಟಿತು.

ಎಡವುವುದು ಹೆಚ್ಚಾಗಿ ಬಳಸುವ ರೀತಿಯಲ್ಲಿ. ಬದಲಿ ಐದಾದರೂ ಆಟ ನಿಲ್ಲಿಸಿ ಇಳಿಸಲು ಸಿಗುವ ಅವಕಾಶ ಮೂರೇ. ವಿರಾಮ ಲೆಕ್ಕಕ್ಕಿಲ್ಲ. 58, 66, 74ರಲ್ಲಿ ಒಬ್ಬೊಬ್ಬನನ್ನೇ ಇಳಿಸಿದರೆ ಇಬ್ಬರು ತಾಜಾ ಆಟಗಾರರು ಜಾಕೆಟ್ ಹಾಕಿಕೊಂಡು ಕೂತೇ ಇರುತ್ತಾರೆ. ಎದುರಾಳಿ ಬದಲಿಸುವ ಹೊತ್ತಿಗೆ ಜೊತೆಗೆ ನಾವೂ ಇಳಿಸಿದರೆ ಅವಕಾಶ ಉಳಿಯುತ್ತದೆ ಎಂದು ನಂಬಿದವರಿದ್ದಾರೆ. ಉಳಿಯುವುದಿಲ್ಲ, ಇಬ್ಬರಿಗೂ ಒಂದೊಂದು ಖರ್ಚು. ನಾನು ಮೊದಲ ಬದಲಾವಣೆಯನ್ನು ವಿರಾಮಕ್ಕೆ, ಎರಡನೆಯದನ್ನು ಜೋಡಿಯಾಗಿ 60ರ ಆಚೀಚೆ ಮಾಡಿ, ಕೊನೆಯ ಅವಕಾಶವನ್ನು 80ರವರೆಗಾದರೂ ಕಾಪಾಡುತ್ತೇನೆ. ವಿಂಗರ್‌ಗೆ ಸುಸ್ತಾಗಿದೆ ಎಂದು ಯಾವ ಸುಳಿವಿನಿಂದ ಗುರುತಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಎದುರಾಳಿ ಕೋಚ್‌ಗಳೂ ಓದುತ್ತಾರೆ.

ಚೆನ್ನಾಗಿ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ 2022ರ ವಿಶ್ವಕಪ್‌ನ ಜಪಾನ್–ಜರ್ಮನಿ ಪಂದ್ಯವನ್ನು ನನ್ನ ಹುಡುಗರಿಗೆ ತೋರಿಸುತ್ತೇನೆ. ಜಪಾನ್ 0-1ರಿಂದ ಹಿಂದಿತ್ತು. ವಿರಾಮದಲ್ಲಿ ಮುಂಚೂಣಿಯ ಕುಬೊನನ್ನು ತೆಗೆದು ಡಿಫೆಂಡರ್ ತೊಮಿಯಾಸುನನ್ನು ಇಳಿಸಿ ಹಿಂದೆ ಮೂವರಾದರು. ಸೋಲುತ್ತಿರುವಾಗ ಡಿಫೆಂಡರನ್ನು ಇಳಿಸುವುದು ವಿಚಿತ್ರ ಅನಿಸಬಹುದು, ಆದರೆ ಆಮೇಲೆ ಎರಡೂ ಬದಿಗಳಲ್ಲಿ ದಾಳಿಗಾರರನ್ನೇ ನಿಲ್ಲಿಸಲು ದಾರಿಯಾದದ್ದು ಅದೇ. 57ರಲ್ಲಿ ಮಿತೊಮಾ ಮತ್ತು ಅಸಾನೊ ಜೊತೆಯಾಗಿ ಬಂದರು. 71ರಲ್ಲಿ ದೋವಾನ್, 75ರ ಹೊತ್ತಿಗೆ ಮಿನಾಮಿನೊ. ವಿರಾಮ ಬಿಟ್ಟು ಮೂರು ಅವಕಾಶ, ಐವರೂ ಮೈದಾನದಲ್ಲಿ. ಮಿನಾಮಿನೊ ಬಂದ ಬೆನ್ನಲ್ಲೇ ಮಿತೊಮಾನ ಪಾಸ್ ಪಡೆದು ಹೊಡೆದ, ಜರ್ಮನಿಯ ಗೋಲ್‌ಕೀಪರ್ ನಾಯರ್ ತಡೆದ ಚೆಂಡನ್ನು ದೋವಾನ್ ಒಳಗೆ ದೂಡಿದ. 83ರಲ್ಲಿ ಅಸಾನೊ ಎರಡನೆಯದನ್ನು ಹೊಡೆದ. ಮೊದಲ ಗೋಲಿನಲ್ಲಿ ಕೈ ಹಾಕಿದ ಮೂವರೂ ಬೆಂಚಿನವರು. ಅದರ ಮುಂದಿನ ಪಂದ್ಯದಲ್ಲಿ ಹಲವರನ್ನು ಬದಲಿಸಿ ಆರಂಭಿಸಿದ ಅದೇ ಜಪಾನ್ ಕೋಸ್ಟರಿಕಾ ಎದುರು 0-1ರಿಂದ ಸೋತಿತು. ಕೊನೆಯ ಮೂವತ್ತು ನಿಮಿಷಕ್ಕೆ ಸಾಲುವ ಆಳ ಮೊದಲ ನಿಮಿಷದಿಂದ ಸಾಲಬೇಕೆಂದಿಲ್ಲ. ಈ ಎರಡನ್ನೂ ನಾನು ಬೇರೆ ಬೇರೆ ಕಾಲಂನಲ್ಲಿ ಬರೆಯುತ್ತೇನೆ.

ದುಡ್ಡಿನಲ್ಲಿ ಪೆಟ್ಟು ಬೀಳುವುದು ಒಪ್ಪಂದದ ಹಳೆಯ ಸಾಲುಗಳಿಂದ. ಪಂದ್ಯಕ್ಕಿಷ್ಟು ಎಂದು ಇಳಿದವರಿಗೆಲ್ಲ ಬೋನಸ್ ಇದ್ದರೆ, ಹದಿನಾಲ್ಕು ಜನಕ್ಕೆ ಕೊಡುತ್ತಿದ್ದುದು ಹದಿನಾರಕ್ಕೆ ಏರುತ್ತದೆ, ಖರ್ಚು ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚು. 89ನೇ ನಿಮಿಷಕ್ಕೆ ಸಮಯ ಕಳೆಯಲು ಇಳಿಸಿದವನಿಗೂ ಪೂರ್ತಿ ಬೋನಸ್. ನಾವು ಅದನ್ನು ಮೂರು ಹಂತ ಮಾಡಿದೆವು: ಆರಂಭಕ್ಕೆ ಪೂರ್ತಿ, ಇಪ್ಪತ್ತು ನಿಮಿಷ ದಾಟಿದರೆ ಮುಕ್ಕಾಲು, ಅದಕ್ಕಿಂತ ಕಡಿಮೆಗೆ ಕಾಲು ಭಾಗ. ಇಪ್ಪತ್ತರ ಗೆರೆಯನ್ನು ಹದಿನೈದಕ್ಕೆ ಇಳಿಸಿ ಎಂದು ಏಜೆಂಟರು ಪ್ರತಿ ಸಲ ಚೌಕಾಸಿ ಮಾಡುತ್ತಾರೆ. ಒಪ್ಪಬೇಡಿ, 72ರಿಂದ 75ರೊಳಗೆ ಇಳಿಯುವವರೇ ಹೆಚ್ಚು, ಉಳಿಸಿದ್ದೆಲ್ಲ ಅಲ್ಲೇ ಸೋರಿಹೋಗುತ್ತದೆ.