ಇಡ್ಲಿಯಿಂದ ಬೆಲೆವರೆಗಿನ ಚುಕ್ಕಿಸಾಲು

ನಮ್ಮ ಮಾವನ ಹೋಟೆಲಿನ ಮೆನು ಕಾರ್ಡ್ ಮೊದಲ ಸಲ ಮಾಡಿದ್ದು ನಾನೇ. ತಿಂಡಿ ಹೆಸರು ಬರೆದು, ಕೈಯಲ್ಲೇ ಚುಕ್ಕಿ ಒತ್ತುತ್ತಾ ಹೋಗಿ, ಕೊನೆಗೆ ಬೆಲೆ ಹಾಕಿದ್ದೆ. ಪ್ರಿಂಟ್ ಬಂದಾಗ ಬೆಲೆಗಳೆಲ್ಲ ಹಾವಿನ ಹಾಗೆ ಓಲಾಡುತ್ತಿದ್ದವು. ಒಂದೊಂದು ಅಕ್ಷರದ ಅಗಲ ಒಂದೊಂದು ಥರ, ಚುಕ್ಕಿ ಎಷ್ಟೇ ಎಣಿಸಿ ಹಾಕಿದರೂ ಸಾಲು ಸರಿಹೋಗಲ್ಲ.

ಎರಡನೇ ಸಲ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಟ್ಯಾಬ್ ಬಳಸಿದೆ. ಎ4 ಹಾಳೆ, ಎರಡೂ ಬದಿ 1.5 ಸೆಂ.ಮೀ. ಅಂಚು, ಎರಡು ಕಾಲಂ, ನಡುವೆ 1 ಸೆಂ.ಮೀ. ಜಾಗ. ಅಂದರೆ ಒಂದು ಕಾಲಂ 8.5 ಸೆಂ.ಮೀ. ತಿಂಡಿ ಸಾಲಿಗೆಂದೇ ಒಂದು ಸ್ಟೈಲ್ ಮಾಡಿ, ಅದರ `Tabs` ಪುಟದಲ್ಲಿ 8.5 ಸೆಂ.ಮೀ.ಗೆ `Right` ಟ್ಯಾಬ್ ಇಟ್ಟು, `Fill Character`ನಲ್ಲಿ ಚುಕ್ಕಿ ಆರಿಸಿದೆ. ಆಮೇಲೆ ಹೆಸರು, ಒಂದು ಟ್ಯಾಬ್, ಬೆಲೆ, ಅಷ್ಟೇ. 35 ಆಗಲಿ 110 ಆಗಲಿ, ಕೊನೆಯ ಅಂಕಿ ಒಂದೇ ಗೆರೆಗೆ ಬಂದು ನಿಲ್ಲುತ್ತದೆ. ಪ್ರತಿ ಸಾಲಿನ ರೂಪಾಯಿ ಚಿಹ್ನೆ ತೆಗೆದು, 'ಬೆಲೆ ರೂಪಾಯಿಗಳಲ್ಲಿ' ಅಂತ ಮೇಲೆ ಒಮ್ಮೆ ಹಾಕಿದೆ.

ಕನ್ನಡದ ತಕರಾರು ಶುರುವಾಗಿದ್ದು ಆಮೇಲೆ. 'ತಟ್ಟೆ ಇಡ್ಲಿ', 'ಅಕ್ಕಿ ರೊಟ್ಟಿ' ನೋಡಿ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ಕೊನೆಯ ಒತ್ತು ಮೊದಲ ಚುಕ್ಕಿಗೆ ಅಂಟಿ, ಅದೂ ಅಕ್ಷರದ್ದೇ ಭಾಗವೇನೋ ಅನ್ನುವ ಹಾಗೆ ಕಾಣುತ್ತಿತ್ತು. ಟ್ಯಾಬ್‌ನ ಹಿಂದೆ ಮುಂದೆ ಒಂದೊಂದು ಸ್ಪೇಸ್ ಕೊಟ್ಟೆ. 11 ಪಾಯಿಂಟ್ ಅಕ್ಷರಕ್ಕೆ ಸಾಲಿನ ಎತ್ತರ 14 ಇಟ್ಟಿದ್ದೆ, ಒತ್ತು ಹೋಗಿ ಕೆಳಗಿನ ಸಾಲಿನ ಗುಡಿಸುಗೆ ತಾಗುತ್ತಿತ್ತು. 18ಕ್ಕೆ ಏರಿಸಿದ ಮೇಲೆ ಉಸಿರಾಡುವಂತಾಯಿತು.

"ಚುಕ್ಕೀನೇ ಕಣ್ಣಿಗೆ ಹೊಡೀತಿದೆಯಲ್ಲೋ, ದೋಸೆ ಎಲ್ಲಿದೆ?" ಅಂದರು ಮಾವ. ಅವರು ಹೇಳಿದ್ದು ನಿಜ. ಚುಕ್ಕಿ ದಾರಿ ತೋರಿಸಿದರೆ ಸಾಕು, ಅದನ್ನೇ ಯಾರೂ ಓದಬೇಕಿಲ್ಲ. ಚುಕ್ಕಿಯ ಬಣ್ಣ, ಗಾತ್ರ ಎರಡೂ ಆ ಟ್ಯಾಬ್ ಅಕ್ಷರದಿಂದಲೇ ಬರುತ್ತವೆ. ಹಾಗಾಗಿ ಟ್ಯಾಬ್ ಒಂದನ್ನೇ ಸೆಲೆಕ್ಟ್ ಮಾಡಿ 8 ಪಾಯಿಂಟ್, ಬೂದು ಬಣ್ಣ ಕೊಟ್ಟೆ. ತೀರಾ ತೆಳು ಮಾಡಿದರೆ ಪ್ರಿಂಟ್‌ನಲ್ಲಿ ಮಾಯವಾಗುತ್ತದೆ, ಒಂದು ಪ್ರತಿ ತೆಗೆದು ನೋಡಿಯೇ ಲ್ಯಾಮಿನೇಷನ್‌ಗೆ ಕೊಡಬೇಕು.

ಗಾತ್ರ ಮೂರೇ. 'ದೋಸೆ', 'ಅನ್ನದ ಐಟಂ' ಥರದ ತಲೆಬರಹ 16 ಪಾಯಿಂಟ್ ದಪ್ಪ. ತಿಂಡಿ ಹೆಸರು 11. 'ಚಟ್ನಿ, ಪಲ್ಯದ ಜೊತೆ' ಅನ್ನುವಂಥ ವಿವರ 9, ಅದಕ್ಕೆ ಚುಕ್ಕಿ ಇಲ್ಲ. ತಲೆಬರಹದ ಮೇಲೆ ಜಾಸ್ತಿ ಜಾಗ, ಕೆಳಗೆ ಕಮ್ಮಿ. ಆಗ ಅದು ತನ್ನ ಗುಂಪಿಗೇ ಸೇರಿದ್ದು ಅಂತ ಗೊತ್ತಾಗುತ್ತದೆ.

ಬೆಲೆ ಹೀಗೆ ಸಾಲಾಗಿ ನಿಂತರೆ ಗಿರಾಕಿ ಕಮ್ಮಿ ಬೆಲೆಯದ್ದನ್ನೇ ಹುಡುಕುತ್ತಾನೆ, ಹಾಗೆ ಮಾಡಬೇಡಿ ಅನ್ನುವವರೂ ಇದ್ದಾರೆ. ದೊಡ್ಡ ರೆಸ್ಟೋರೆಂಟಿಗೆ ಅದು ಸರಿ ಇರಬಹುದು. ನಮ್ಮಲ್ಲಿ ಕೌಂಟರ್ ಮುಂದೆ ಹತ್ತು ಜನ ನಿಂತಿರುತ್ತಾರೆ, ಬೆಲೆ ಬಚ್ಚಿಟ್ಟರೆ ಕ್ಯೂ ಉದ್ದವಾಗುತ್ತದೆ ಅಷ್ಟೇ, ಅಲ್ವಾ?

ಆಮೇಲೆ ಮಾವ ಮಸಾಲೆ ದೋಸೆಗೆ 95 ಇದ್ದದ್ದನ್ನು 105 ಮಾಡಿದರು. ಅಂಕಿ ಬದಲಿಸಿದೆ, ಚುಕ್ಕಿಗಳು ತಾವಾಗೇ ಕಮ್ಮಿಯಾದವು.