ಮೊಬೈಲ್ ನಂಬರೇ ವೈಫೈ ಪಾಸ್‌ವರ್ಡ್ ಆದರೆ: ಅಪಾರ್ಟ್‌ಮೆಂಟ್ ಮೀಟಿಂಗ್‌ನಲ್ಲಿ ನಾನು ತೋರಿಸಿದ್ದು

ಬೆಂಗಳೂರಿನಲ್ಲಿ ನಾನು ನೋಡಿದ ಮನೆಗಳಲ್ಲಿ ಅತಿ ಹೆಚ್ಚು ಕಾಣುವ ವೈಫೈ ಪಾಸ್‌ವರ್ಡ್ ಯಾವುದು ಗೊತ್ತಾ? ಮನೆ ಯಜಮಾನರ ಮೊಬೈಲ್ ನಂಬರ್. ಕನೆಕ್ಷನ್ ಕೊಡಲು ಬಂದ ಹುಡುಗ "ಏನು ಹಾಕ್ಲಿ ಸರ್?" ಅಂತ ಕೇಳುತ್ತಾನೆ, "ನನ್ನ ನಂಬರ್ ಹಾಕಪ್ಪ" ಅನ್ನುತ್ತೇವೆ. ವರ್ಷಗಟ್ಟಲೆ ಅದೇ ಇರುತ್ತದೆ.

ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ನಿವಾಸಿಗಳ ಮೀಟಿಂಗ್‌ನಲ್ಲಿ ವೈಫೈ ಬಗ್ಗೆ ಸ್ವಲ್ಪ ಮಾತಾಡಿ ಎಂದಾಗ ಈ ನಂಬರಿನಿಂದಲೇ ಶುರು ಮಾಡಿದೆ. ವೈರಸ್, ಹ್ಯಾಕರ್ ಅಂತ ಹೆದರಿಸುವ ಸ್ಲೈಡ್ ಒಂದೂ ಹಾಕಲಿಲ್ಲ. ಬಿಳಿ ಬೋರ್ಡ್ ಮೇಲೆ ಒಂದು ಲೆಕ್ಕ ಬರೆದೆ.

ನಮ್ಮ ಮೊಬೈಲ್ ನಂಬರಿಗೆ 10 ಅಂಕಿ. ಮೊದಲನೆಯದು 6, 7, 8 ಅಥವಾ 9 ಇರಲೇಬೇಕು. ಉಳಿದ 9 ಜಾಗಕ್ಕೆ ಯಾವ ಅಂಕಿ ಬೇಕಾದರೂ ಬರಬಹುದು. ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಕೇಳಲು ದೊಡ್ಡದು. ಆದರೆ ಗೇಮ್ ಆಡುವವರು ಇಟ್ಟುಕೊಳ್ಳುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದು, ಸೆಕೆಂಡಿಗೆ ಸುಮಾರು 10 ಲಕ್ಷ ವೈಫೈ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಬಲ್ಲದು. 400 ಕೋಟಿಯನ್ನು 10 ಲಕ್ಷದಿಂದ ಭಾಗಿಸಿದರೆ 4,000 ಸೆಕೆಂಡ್. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಿಮ್ಮ ನಂಬರ್ ಅವರಿಗೆ ಗೊತ್ತೇ ಇರಬೇಕಿಲ್ಲ. ಗೊತ್ತಿದ್ದರಂತೂ ಅಷ್ಟೂ ಬೇಡ.

ಎರಡನೇ ಮಹಡಿಯ ಅಂಕಲ್ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಎಟಿಎಂನಲ್ಲಿ ಮೂರು ಸಲ ತಪ್ಪು ಪಿನ್ ಹಾಕಿದ್ರೆ ಕಾರ್ಡ್ ಬ್ಲಾಕ್ ಆಗುತ್ತಲ್ಲ, ರೂಟರ್ ಹಾಗೆ ಮಾಡಲ್ವಾ?" ಇಲ್ಲ. ನಿಮ್ಮ ಫೋನ್ ರೂಟರಿಗೆ ಸೇರಿಕೊಳ್ಳುವಾಗ ಎರಡರ ನಡುವೆ ಒಂದು ಚಿಕ್ಕ ಮಾತುಕತೆ ಗಾಳಿಯಲ್ಲಿ ನಡೆಯುತ್ತದೆ. WPA2 ಎಂಬ ಹಳೆಯ ಭದ್ರತಾ ವಿಧಾನ ಬಳಸುವ ರೂಟರ್ ಆದರೆ, ಹತ್ತಿರದಲ್ಲಿರುವ ಯಾರಾದರೂ ಅದನ್ನು ದಾಖಲಿಸಿಕೊಳ್ಳಬಹುದು. ಆಮೇಲೆ ಊಹೆ ಮಾಡುವ ಕೆಲಸವೆಲ್ಲ ಅವರ ಕಂಪ್ಯೂಟರಿನಲ್ಲೇ ನಡೆಯುತ್ತದೆ. ರೂಟರಿಗೆ ಅದು ಗೊತ್ತೇ ಆಗುವುದಿಲ್ಲ, ಇನ್ನು ತಡೆಯುವುದು ಎಲ್ಲಿ ಬಂತು? ಅದರ ನಂತರ ಬಂದ WPA3 ಇದ್ದರೆ ಹೀಗೆ ಕದ್ದುಕೊಂಡು ಹೋಗಿ ಊಹಿಸಲು ಆಗುವುದಿಲ್ಲ. ಆದರೆ ಹಳೆಯ ಟಿವಿ, ಹಳೆಯ ಫೋನ್‌ಗಳು WPA3 ಒಪ್ಪುವುದಿಲ್ಲ. ಹಾಗಾಗಿ ಹೆಚ್ಚಿನ ಮನೆಗಳಲ್ಲಿ WPA2 ಇದ್ದೇ ಇರುತ್ತದೆ. ಆಗ ನಿಜವಾಗಿ ಕಾಯುವುದು ಪಾಸ್‌ವರ್ಡಿನ ಉದ್ದ ಒಂದೇ.

ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ ಎಂದೆ. ಬೋರ್ಡ್ ಮೇಲೆ ಒಂದು ಬರೆದೂ ತೋರಿಸಿದೆ:

```
kosambari-bevinamara-tamate-chappali
```

ಇದನ್ನೇ ಇಟ್ಟುಕೊಳ್ಳಬೇಡಿ, ನಿಮ್ಮದೇ ನಾಲ್ಕು ಪದ ಆರಿಸಿಕೊಳ್ಳಿ. ಅಜ್ಜಿಗೂ ನೆನಪಿರುತ್ತದೆ, ಕಂಪ್ಯೂಟರಿಗೆ ಊಹಿಸುವುದು ಕಷ್ಟ.

"ಯಾರೋ ನಮ್ಮ ನೆಟ್ ಬಳಸಿದ್ರೆ ಏನ್ ಹೋಗುತ್ತೆ, ಅನ್‌ಲಿಮಿಟೆಡ್ ತಾನೆ?" ಎನ್ನುವವರು ಎಲ್ಲ ಮೀಟಿಂಗ್‌ನಲ್ಲೂ ಇರುತ್ತಾರೆ. ಅವರಿಗೆ 2008ರ ಘಟನೆ ಹೇಳಿದೆ. ಆ ವರ್ಷ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಯಿತು. ಅದಕ್ಕೆ ಸ್ವಲ್ಪ ಮೊದಲು ಮಾಧ್ಯಮಗಳಿಗೆ ಒಂದು ಈಮೇಲ್ ಬಂದಿತ್ತು. ಪೊಲೀಸರು ಅದರ ಐಪಿ ವಿಳಾಸ ಹಿಡಿದು ಹೋದರೆ ಅದು ಮುಟ್ಟಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ನರ ಮನೆಗೆ. ಅವರ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ವಿಚಾರಣೆ ಎದುರಿಸಬೇಕಾಗಿದ್ದು ಮಾತ್ರ ಅವರು. ಹೊರಗಿನವರಿಗೆ ಕಾಣುವುದು ಬಿಲ್ಲಿನಲ್ಲಿರುವ ಹೆಸರು. ಒಳಗೆ ಯಾರು ಕೂತಿದ್ದರು ಎಂಬುದು ಕಾಣುವುದಿಲ್ಲ.

ಹಾಗೆಂದು ಇಲ್ಲದ ಭಯವನ್ನೂ ಹುಟ್ಟಿಸಬಾರದು. ವೈಫೈಗೆ ಸೇರಿಕೊಂಡ ಮಾತ್ರಕ್ಕೆ ಯಾರೂ ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಓದಲು ಆಗುವುದಿಲ್ಲ. ಬ್ಯಾಂಕಿನ ಆ್ಯಪ್, ವೆಬ್‌ಸೈಟ್ ಎಲ್ಲ ಗೂಢಲಿಪಿಯಲ್ಲೇ ಮಾತಾಡುತ್ತವೆ. ತೊಂದರೆ ಇರುವುದು ಬೇರೆ ಕಡೆ, ಅದಕ್ಕೆ ಆಮೇಲೆ ಬರುತ್ತೇನೆ.

ಅದೇ ಅಂಕಲ್ ತಮ್ಮ ಮನೆಯ ರೂಟರನ್ನೇ ಎಲ್ಲರೆದುರು ನೋಡಲು ಒಪ್ಪಿದರು. ಐದಾರು ಜನ ಅವರ ಹಾಲ್‌ನಲ್ಲಿ ಸೇರಿದೆವು. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದೆ. ಕೆಲವು ರೂಟರ್‌ಗಳಲ್ಲಿ ಇದು 192.168.0.1 ಇರುತ್ತದೆ. ಸರಿಯಾದದ್ದು ಪೆಟ್ಟಿಗೆಯ ಅಡಿಯ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ. ಒಳಗೆ ಹೋದರೆ ಸೇರಿಕೊಂಡಿರುವ ಸಾಧನಗಳ ಪಟ್ಟಿ ಸಿಗುತ್ತದೆ. ಮನೆಯಲ್ಲಿ ಇರುವವರು ಇಬ್ಬರು, ಪಟ್ಟಿಯಲ್ಲಿ 11 ಹೆಸರು. ಆಂಟಿ ಗಾಬರಿಯಾದರು.

ಗಾಬರಿ ಬೇಡ. ಮೊದಲು ಗಮನಿಸಬೇಕಾದ್ದು ಇದು ಯಾವ ಪಟ್ಟಿ ಎಂದು. DHCP ಎಂದು ಬರೆದಿರುವ ಪಟ್ಟಿಯಲ್ಲಿ ಬಂದು ಹೋದವರ ಹೆಸರೂ ಸ್ವಲ್ಪ ಹೊತ್ತು, ಎಷ್ಟೋ ಸಲ ಒಂದು ದಿನದವರೆಗೆ, ಉಳಿದಿರುತ್ತದೆ. ಹಿಂದಿನ ದಿನ ಮಗಳು, ಅಳಿಯ ಬಂದಿದ್ದರು. ಅವರ ಫೋನ್‌ಗಳು ಇನ್ನೂ ಅಲ್ಲೇ ಇದ್ದವು. ಈಗ ನಿಜವಾಗಿ ಸೇರಿಕೊಂಡಿರುವುದನ್ನು ನೋಡಲು ವೈರ್‌ಲೆಸ್ ವಿಭಾಗದ ಪಟ್ಟಿ ತೆಗೆಯಬೇಕು. ಅಲ್ಲಿ 7 ಇತ್ತು.

ಒಂದೊಂದಾಗಿ ಮನೆಯ ಫೋನ್, ಟಿವಿ, ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡುತ್ತಾ ಹೋದೆವು. ಪ್ರತಿ ಸಲ ಪಟ್ಟಿಯಿಂದ ಒಂದು ಹೆಸರು ಮಾಯ. ಕೊನೆಗೆ 3 ಉಳಿದವು. ಒಂದು ಬಾಗಿಲ ಬಳಿಯ ಕ್ಯಾಮೆರಾ. ಇನ್ನೊಂದರ ಹೆಸರು ESP_ ಎಂದು ಶುರುವಾಗಿ ಮುಂದೆ ಅರ್ಥವಾಗದ ಅಕ್ಷರಗಳು. ಯಾರೋ ನುಗ್ಗಿದ್ದಾರೆ ಎಂದೇ ಎಲ್ಲರೂ ಅಂದುಕೊಂಡರು. ಅದು ಗೀಸರಿನ ಸ್ಮಾರ್ಟ್ ಪ್ಲಗ್. ಅಗ್ಗದ ಪ್ಲಗ್, ಬಲ್ಬ್‌ಗಳ ಒಳಗಿನ ಚಿಪ್ ಹೀಗೆಯೇ ಹೆಸರು ಹೇಳಿಕೊಳ್ಳುತ್ತದೆ.

ಮೂರನೆಯದಕ್ಕೆ ಹೆಸರೇ ಇರಲಿಲ್ಲ. ಪ್ರತಿ ಸಾಧನಕ್ಕೂ ಗುರುತಿಗೆಂದು ಇರುವ ಮ್ಯಾಕ್ ವಿಳಾಸ ಮಾತ್ರ ಕಾಣುತ್ತಿತ್ತು, ಅದರ ಎರಡನೇ ಅಕ್ಷರ A. ಆ ಜಾಗದಲ್ಲಿ 2, 6, A ಅಥವಾ E ಇದ್ದರೆ ವಿಳಾಸ ಕಂಪನಿ ಕೊಟ್ಟದ್ದಲ್ಲ, ಸಾಧನ ತಾನೇ ಸೃಷ್ಟಿಸಿಕೊಂಡದ್ದು. ಇತ್ತೀಚಿನ ಫೋನ್‌ಗಳು ಹಾಗೆ ಮಾಡುತ್ತವೆ. ಅಂದರೆ ಅದು ಹೆಚ್ಚುಕಮ್ಮಿ ಯಾರದೋ ಫೋನ್. ಆಗ ಅಂಕಲ್‌ಗೆ ನೆನಪಾಯಿತು. ಕೆಳಗಿನ ಮನೆಗೆ ಬಾಡಿಗೆಗೆ ಬಂದ ಹುಡುಗರಿಗೆ, ಅವರ ಕನೆಕ್ಷನ್ ಬರುವ ತನಕ ಅಂತ ಪಾಸ್‌ವರ್ಡ್ ಕೊಟ್ಟಿದ್ದರು. ಆ ಹುಡುಗರು ಖಾಲಿ ಮಾಡಿ ಹೋಗಿದ್ದರೂ ಪಾಸ್‌ವರ್ಡ್ ಕೈಯಿಂದ ಕೈಗೆ ಹೋಗಿತ್ತು. ಫೋನಿನಲ್ಲಿ ವೈಫೈ ಹಂಚಲು ಒಂದು ಕ್ಯೂಆರ್ ಕೋಡ್ ತೋರಿಸಿದರೆ ಸಾಕಲ್ವಾ? ಯಾರೆಂದು ಹುಡುಕಿಕೊಂಡು ಹೋಗಬೇಡಿ, ಪಾಸ್‌ವರ್ಡ್ ಬದಲಿಸಿ ಎಂದೆ. ಪಟ್ಟಿಯಿಂದ ಒಂದು ಫೋನನ್ನು ಬ್ಲಾಕ್ ಮಾಡಿ ಪ್ರಯೋಜನವಿಲ್ಲ, ಅದು ಹೊಸ ವಿಳಾಸ ಹುಟ್ಟಿಸಿಕೊಂಡು ಮತ್ತೆ ಬರಬಹುದು.

ಬದಲಿಸುವುದಕ್ಕೆ ಭಾನುವಾರ ಬೆಳಗ್ಗೆಯೇ ಸರಿ. ಪ್ರತಿ ಸಾಧನಕ್ಕೂ ಹೊಸದಾಗಿ ಹಾಕಬೇಕು. ಗೀಸರ್ ಪ್ಲಗ್, ಕ್ಯಾಮೆರಾದಂಥವು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಸೇರುತ್ತವೆ, ಅವಕ್ಕೆ ಸ್ವಲ್ಪ ತಾಳ್ಮೆ ಬೇಕು. ಇದೇ ಹೊತ್ತಿಗೆ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿದೆವು. ನೆಂಟರು, ಬಾಡಿಗೆ ಹುಡುಗರು, ಗೀಸರ್ ಪ್ಲಗ್ ಎಲ್ಲ ಅದರಲ್ಲಿ. ಮನೆಯ ಪಾಸ್‌ವರ್ಡ್ ಮನೆಯವರಿಗೆ ಮಾತ್ರ. ಗೆಸ್ಟ್‌ನಲ್ಲಿ ಇರುವವರು ಟಿವಿಗೆ ವಿಡಿಯೋ ಕಳಿಸಲು, ಪ್ರಿಂಟ್ ತೆಗೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಅದೇ ನಮಗೆ ಬೇಕಾದ್ದು. ವೈಫೈ ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸಾಧನ ಸೇರಿಸುವ WPS ಎಂಬುದನ್ನೂ ಆಫ್ ಮಾಡಿದೆ. ಅದರ 8 ಅಂಕಿಯ ಪಿನ್ ಎರಡು ತುಂಡಾಗಿ ಪರೀಕ್ಷೆಯಾಗುವುದರಿಂದ ಹೆಚ್ಚೆಂದರೆ 11,000 ಸಲ ಊಹಿಸಿದರೆ ಸಾಕು ಎಂದು 2011ರಲ್ಲೇ ಬಯಲಾಗಿದೆ.

ಇನ್ನು ಆಗ ಹೇಳಿದ ಬೇರೆ ತೊಂದರೆ. ರೂಟರಿಗೆ ಎರಡು ಪಾಸ್‌ವರ್ಡ್ ಇವೆ. ವೈಫೈಗೆ ಒಂದು, ರೂಟರಿನ ಸೆಟ್ಟಿಂಗ್ ತೆರೆಯಲು ಇನ್ನೊಂದು. ಎರಡನೆಯದನ್ನು ಯಾರೂ ಮುಟ್ಟಿರುವುದಿಲ್ಲ. ಅಂಕಲ್ ಮನೆಯಲ್ಲಿ admin, admin ಎಂದೇ ಇತ್ತು. ವೈಫೈಗೆ ಸೇರಿದ ಯಾರು ಬೇಕಾದರೂ ಒಳಗೆ ಹೋಗಿ DNS ಎಂಬ ಜಾಗದಲ್ಲಿ ತಮ್ಮ ವಿಳಾಸ ಬರೆಯಬಹುದು. ಡಿಎನ್ಎಸ್ ಎಂದರೆ ಟೆಲಿಫೋನ್ ಡೈರೆಕ್ಟರಿ ಇದ್ದ ಹಾಗೆ, ನೀವು ಹೆಸರು ಹೇಳಿದರೆ ನಂಬರ್ ಕೊಡುವುದು. ಡೈರೆಕ್ಟರಿಯನ್ನೇ ಬದಲಿಸಿದರೆ ಬ್ಯಾಂಕಿನ ಹೆಸರು ಸರಿಯಾಗಿ ಹೊಡೆದರೂ ಕಳ್ಳರ ಪುಟಕ್ಕೆ ಹೋಗುತ್ತೀರಿ. ಆಗ ಬ್ರೌಸರ್ "ಈ ಸಂಪರ್ಕ ಸುರಕ್ಷಿತವಲ್ಲ" ಎಂದು ತಡೆಯುತ್ತದೆ. ಮನೆಯ ವೈಫೈಯಲ್ಲಿ ಮಾತ್ರ ಈ ಎಚ್ಚರಿಕೆ ಬಂದು ಮೊಬೈಲ್ ಡೇಟಾದಲ್ಲಿ ಬರದಿದ್ದರೆ, ಮುಂದೆ ಹೋಗಬೇಡಿ, ರೂಟರ್ ನೋಡಿ. ಸೆಟ್ಟಿಂಗ್ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ರೂಟರ್ ತೆರೆಯುವ Remote Management ಆಫ್ ಮಾಡಿ. ಪಾಸ್‌ವರ್ಡ್ ಗೊತ್ತಿಲ್ಲ ಅಂತ ಪಿನ್ನು ಚುಚ್ಚಿ ರೀಸೆಟ್ ಮಾತ್ರ ಮಾಡಬೇಡಿ. ಫೈಬರ್ ಪೆಟ್ಟಿಗೆಯಲ್ಲಿ ಕಂಪನಿ ಹಾಕಿರುವ ಲಾಗಿನ್ ಅಳಿಸಿಹೋಗಿ ನೆಟ್ಟೇ ನಿಲ್ಲಬಹುದು. ಬಿಲ್ ಮೇಲಿರುವ ನಂಬರಿಗೆ ಕರೆ ಮಾಡಿ ಅವರಿಂದಲೇ ಬದಲಾಯಿಸಿಕೊಳ್ಳಿ.

ಮೀಟಿಂಗ್‌ನಲ್ಲಿ ನಿವೃತ್ತ ಟೀಚರ್ ಒಬ್ಬರು ತಮಗೆ ಬಂದ ಕರೆಯ ಬಗ್ಗೆ ಹೇಳಿದರು. "ಇಂಟರ್ನೆಟ್ ಕಂಪನಿಯಿಂದ ಅಂದ. ನಿಮ್ಮ ರೂಟರ್‌ನಲ್ಲಿ ಲೈಟ್ ಮಿಣಮಿಣ ಅಂತಿದೆಯಾ ಮೇಡಂ ಅಂತ ಕೇಳ್ದ. ನೋಡಿದ್ರೆ ನಿಜವಾಗ್ಲೂ ಮಿಣುಕ್ತಿತ್ತು! ಯಾರೋ ನಿಮ್ಮ ನೆಟ್‌ನಿಂದ ಅಪರಾಧ ಮಾಡ್ತಿದ್ದಾರೆ, ಎರಡು ಗಂಟೆಯಲ್ಲಿ ಕಟ್ ಆಗುತ್ತೆ ಅಂದ."

ಈ ಕರೆಯ ಬಗ್ಗೆ ನಾನು ಜಾಸ್ತಿ ಹೊತ್ತು ಮಾತಾಡಿದೆ. ಯಾಕೆಂದರೆ ನಾಲ್ಕು ಪದದ ಪಾಸ್‌ವರ್ಡ್ ಇದನ್ನು ತಡೆಯುವುದಿಲ್ಲ. ಆ ಲೈಟ್ ಎಲ್ಲರ ಮನೆಯಲ್ಲೂ ಮಿಣುಕುತ್ತದೆ, ಡೇಟಾ ಹೋಗಿಬರುತ್ತಿದೆ ಎಂದು ಅರ್ಥ ಅಷ್ಟೇ. ಆರೋಗ್ಯವಾಗಿರುವ ರೂಟರಿನ ಲಕ್ಷಣವನ್ನೇ ರೋಗ ಅಂತ ತೋರಿಸುತ್ತಾರೆ. ನಂತರ "ಸರಿ ಮಾಡ್ತೀನಿ" ಎಂದು ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸಿ, ಅದರಲ್ಲಿ ಕಾಣುವ ನಂಬರ್ ಕೇಳುತ್ತಾರೆ. ಅದನ್ನು ಹೇಳಿ ಅನುಮತಿ ಒತ್ತಿದರೆ ನಿಮ್ಮ ಫೋನಿನ ಪರದೆ ಅವರಿಗೂ ಕಾಣುತ್ತದೆ. ಆಮೇಲೆ "ರಿಜಿಸ್ಟ್ರೇಷನ್‌ಗೆ 10 ರೂಪಾಯಿ ಕಳಿಸಿ" ಎನ್ನುತ್ತಾರೆ. ಅವರಿಗೆ 10 ರೂಪಾಯಿ ಬೇಕಿಲ್ಲ. ನೀವು ಹೊಡೆಯುವ ಕಾರ್ಡ್ ವಿವರ ಮತ್ತು ಬರುವ ಓಟಿಪಿ ನೋಡಬೇಕು.

ಟೀಚರ್ ಫೋನ್ ಇಟ್ಟು ಬಿಲ್ಲಿನಲ್ಲಿದ್ದ ನಂಬರಿಗೆ ತಾವೇ ಕರೆ ಮಾಡಿದ್ದರು. ಇದಕ್ಕಿಂತ ಒಳ್ಳೆಯ ಉಪಾಯ ನನಗೂ ಗೊತ್ತಿಲ್ಲ. ಆ್ಯಪ್ ಹಾಕಿಬಿಟ್ಟಿದ್ದರೆ ಕೂಡಲೇ ಏರೋಪ್ಲೇನ್ ಮೋಡ್ ಒತ್ತಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲೂ ದೂರು ಕೊಡಿ. ಬೆಳಗ್ಗೆ ಮಾಡೋಣ ಅನ್ನಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆದರೆ ಮಾತ್ರ ಉಳಿಯುವ ಸಾಧ್ಯತೆ ಇದೆ.

ಕೊನೆಗೆ ಸಂಘದ ವೈಫೈ ಸರದಿ. ಸೆಕ್ಯುರಿಟಿ ಕ್ಯಾಬಿನ್ನಿನ ಗೋಡೆ ಮೇಲೆ ಪಾಸ್‌ವರ್ಡ್ ಬರೆದಿತ್ತು, ಸಿಸಿಟಿವಿ ರೆಕಾರ್ಡರ್ ಕೂಡ ಅದೇ ನೆಟ್‌ವರ್ಕ್‌ನಲ್ಲಿತ್ತು. ರೆಕಾರ್ಡರನ್ನು ಬೇರೆ ಮಾಡಿದೆವು, ಕಾವಲುಗಾರರಿಗೂ ಡೆಲಿವರಿ ಹುಡುಗರಿಗೂ ಗೆಸ್ಟ್ ಕೊಟ್ಟೆವು. ರೂಟರ್ ಮತ್ತು ರೆಕಾರ್ಡರಿನ ಹೊಸ ಪಾಸ್‌ವರ್ಡ್‌ಗಳು ಮುಚ್ಚಿದ ಲಕೋಟೆಯಲ್ಲಿ ಖಜಾಂಚಿಯವರ ಬಳಿ ಇವೆ. ಕಮಿಟಿ ಬದಲಾದಾಗ ಎರಡನ್ನೂ ಬದಲಿಸಬೇಕು ಎಂದು ಹಸ್ತಾಂತರದ ಪಟ್ಟಿಗೆ ಸೇರಿಸಿದ್ದೇವೆ.